ಒಂದು ಜಮಾ, ನಾಲ್ಕು ಬಿಲ್ಲು: ತಾಳೆಯಾಗದ 3,360 ರೂಪಾಯಿ ಎಲ್ಲಿದೆ?

(ದಾವಣಗೆರೆಯಲ್ಲಿ ಅಂಗಡಿ, ಮಿಲ್ಲು, ಏಜೆನ್ಸಿಗಳ ಲೆಕ್ಕ ಬರೆಯುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬ್ಯಾಂಕ್ ತಾಳೆ ಅಂದರೆ ಏನೆಂದು ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. ಹೆಚ್ಚಿನ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಸ್ಟೇಟ್‌ಮೆಂಟಿನಲ್ಲಿ 23,600 ಇದೆ, ಪುಸ್ತಕದಲ್ಲೂ 23,600 ಇದೆ, ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಕೈ ನಿಲ್ಲುವುದು ಒಂದೇ ಕಡೆ. ಗಿರಾಕಿ ತಿಂಗಳಿಡೀ ಉದ್ರಿ ತೆಗೆದುಕೊಂಡು, ನಾಲ್ಕಾರು ಬಿಲ್ಲಿಗೆ ಸೇರಿಸಿ ಒಂದೇ ಸಲ ಹಣ ಹಾಕಿದಾಗ. ಆ ಮೊತ್ತ ಯಾವ ಬಿಲ್ಲಿಗೂ ಹೊಂದುವುದಿಲ್ಲ. ಎಲ್ಲ ಬಿಲ್ಲು ಕೂಡಿದರೂ ಎಷ್ಟೋ ಸಲ ಹೊಂದುವುದಿಲ್ಲ. ಇವತ್ತು ಮಾತಾಡುವುದು ಇದೊಂದರ ಬಗ್ಗೆ ಮಾತ್ರ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ದಾವಣಗೆರೆಯ ಒಂದು ಪಾಲುದಾರಿಕೆ ಸಂಸ್ಥೆ ಬೇರಿಂಗ್, ಬೆಲ್ಟ್ ಮಾರುತ್ತದೆ, ಎಣ್ಣೆ ಮಿಲ್ಲಿನ ಎಕ್ಸ್‌ಪೆಲ್ಲರ್ ರಿಪೇರಿಯನ್ನೂ ಮಾಡಿಕೊಡುತ್ತದೆ. ಗಿರಾಕಿ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲು, ಅದು ಪ್ರೈವೇಟ್ ಲಿಮಿಟೆಡ್ ಕಂಪನಿ. ಸೆಪ್ಟೆಂಬರಿನಲ್ಲಿ ನಾಲ್ಕು ಬಿಲ್ಲು ಹೋಗಿವೆ. ಎಲ್ಲದಕ್ಕೂ ಜಿಎಸ್‌ಟಿ ಶೇ. 18.

118ನೇ ಬಿಲ್ಲು, ಬೇರಿಂಗ್: 20,000 + 3,600 = 23,600
124ನೇ ಬಿಲ್ಲು, ಬೆಲ್ಟ್: 40,000 + 7,200 = 47,200
131ನೇ ಬಿಲ್ಲು, ರಿಪೇರಿ ಕೆಲಸ: 50,000 + 9,000 = 59,000
137ನೇ ಬಿಲ್ಲು, ಬಿಡಿ ಸಾಮಾನು: 16,000 + 2,880 = 18,880

ಒಟ್ಟು 1,48,680. ಅಕ್ಟೋಬರ್ 3ಕ್ಕೆ ಬ್ಯಾಂಕಿಗೆ ನೆಫ್ಟ್ ಮೂಲಕ ಬಂದದ್ದು 1,45,320. ಕಡಿಮೆ ಬಿದ್ದದ್ದು 3,360.

ಈಗ ಸಾಮಾನ್ಯವಾಗಿ ಆಗುವುದು ಹೀಗೆ. ಮಿಲ್ಲಿನವರು ‘ಸೆಪ್ಟೆಂಬರ್ ಬಾಕಿ ಎಲ್ಲಾ ಹಾಕಿದ್ದೀವಿ’ ಎಂದು ಫೋನು ಮಾಡುತ್ತಾರೆ. ಅಂಗಡಿಯಲ್ಲಿ ಕೂತವರು ಆ ಮಾತು ನಂಬಿ, ಸ್ಟೇಟ್‌ಮೆಂಟ್ ನೋಡದೆ, ನಾಲ್ಕು ಬಿಲ್ಲಿಗೆ ನಾಲ್ಕು ರಸೀತಿ ಎಂಟ್ರಿ ಪೂರ್ತಿ ಮೊತ್ತಕ್ಕೆ ಹಾಕಿಬಿಡುತ್ತಾರೆ. ಪಾರ್ಟಿಯ ಖಾತೆ ಸೊನ್ನೆಯಾಯಿತು, ಎಲ್ಲರಿಗೂ ಸಮಾಧಾನ. ತಿಂಗಳ ಕೊನೆಗೆ ತಾಳೆ ನೋಡಲು ಕೂತವರಿಗೆ ಮಾತ್ರ ಪುಸ್ತಕದಲ್ಲಿ ನಾಲ್ಕು ಸಾಲು, ಸ್ಟೇಟ್‌ಮೆಂಟಿನಲ್ಲಿ ಒಂದೇ ಸಾಲು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸಿಕ್ಕಾಗಿವೆ. ಬ್ಯಾಂಕಿಗೆ ಎಷ್ಟು ಬಂತು ಎಂಬುದು ಒಂದು. ಆ ಹಣ ಯಾವ ಬಿಲ್ಲಿಗೆ ಎಷ್ಟು ಸೇರಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸ್ಟೇಟ್‌ಮೆಂಟಿನಲ್ಲಿದೆ. ಎರಡನೆಯದಕ್ಕೆ ಉತ್ತರ ಸ್ಟೇಟ್‌ಮೆಂಟಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲಿದ್ದರೆ ಪುಸ್ತಕದಲ್ಲೂ ಒಂದೇ ರಸೀತಿ ಇರಬೇಕು, ಅದೇ ಮೊತ್ತಕ್ಕೆ ಇರಬೇಕು. ಬಿಲ್ಲುಗಳ ಹಂಚಿಕೆ ಆ ರಸೀತಿಯ ಹೊಟ್ಟೆಯೊಳಗೆ ಆಗಬೇಕು. ಟ್ಯಾಲಿಯಲ್ಲಾದರೆ `F6` ರಸೀತಿಯಲ್ಲಿ ಪಾರ್ಟಿಯ ಹೆಸರಿಗೆ ಮೊತ್ತ ಕೊಟ್ಟ ಮೇಲೆ ಬಿಲ್ಲುವಾರು ವಿವರ ಕೇಳುತ್ತದಲ್ಲ, ಹಂಚಿಕೆಯ ಜಾಗ ಅದು. ಒಂದೊಂದು ಬಿಲ್ಲಿನ ಮುಂದೆ `Agst Ref` ಆರಿಸಿ ಮೊತ್ತ ಕೊಡುತ್ತಾ ಹೋದರೆ ರಸೀತಿ ಒಂದೇ ಉಳಿಯುತ್ತದೆ, ಬಿಲ್ಲು ನಾಲ್ಕೂ ತೀರುತ್ತವೆ.

ನಾಲ್ಕು ರಸೀತಿ ಹಾಕಿ ನಾಲ್ಕಕ್ಕೂ ಒಂದೇ ಬ್ಯಾಂಕ್ ದಿನಾಂಕ ಕೊಟ್ಟರೂ ಬಾಕಿ ಸರಿ ಬರುತ್ತದಲ್ಲವೇ ಎಂದು ಕೇಳಬಹುದು. ನಾಲ್ಕರ ಮೊತ್ತ ಪೈಸೆಗೆ ಪೈಸೆ ಕೂಡಿದರೆ ಬರುತ್ತದೆ, ತಪ್ಪೇನಲ್ಲ. ಹಾಗೆ ಮಾಡುವವರು ನಾಲ್ಕಕ್ಕೂ ಅದೇ ಯುಟಿಆರ್ ನಂಬರು ಬರೆದಿಡಬೇಕು. ನೆಫ್ಟ್‌ನ ಯುಟಿಆರ್ 16 ಅಕ್ಷರದ್ದು, ಆರ್‌ಟಿಜಿಎಸ್‌ನದು 22 ಅಕ್ಷರದ್ದು. ಅದಿಲ್ಲದೆ ಹೋದರೆ ಆರು ತಿಂಗಳ ನಂತರ ಆ ನಾಲ್ಕು ಸಾಲು ಒಂದೇ ಜಮಾದ ತುಂಡುಗಳು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆಡಿಟರ್ ಕೇಳಿದಾಗ ಕ್ಯಾಲ್ಕುಲೇಟರ್ ಹಿಡಿದು ಕೂರಬೇಕಾಗುತ್ತದೆ.

ಇನ್ನು 3,360ರ ವಿಚಾರ. ಈ ಮೊತ್ತವನ್ನು ‘ಡಿಸ್ಕೌಂಟ್ ಹಿಡಿದಿರಬೇಕು’ ಎಂದು ಖರ್ಚಿಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ, ಬಹಳ ಕಡೆ ನಡೆಯುವುದೂ ಅದೇ. ಹಾಗೆ ಮಾಡಿದರೆ ಈ ಲೆಕ್ಕದಲ್ಲಿ ಎರಡು ಕಡೆ ನಷ್ಟ. ಮಿಲ್ಲಿನವರ ಹತ್ತಿರ ಪಾವತಿ ವಿವರ ತರಿಸಿದರೆ ಆ ಮೊತ್ತ ಹೀಗೆ ಒಡೆಯುತ್ತದೆ: ವಾಪಸು ಬಂದ ಒಂದು ಬೆಲ್ಟಿಗೆ 2,360, ರಿಪೇರಿ ಬಿಲ್ಲಿನ ಮೇಲೆ ಕಡಿದ ಟಿಡಿಎಸ್ 1,000.

ಬೆಲ್ಟಿನದು ಮೊದಲು ನೋಡೋಣ. 124ನೇ ಬಿಲ್ಲಿನ ಒಂದು ಬೆಲ್ಟ್ ಅಳತೆ ತಪ್ಪಿ ವಾಪಸು ಬಂದಿದೆ. ಬೆಲೆ 2,000, ತೆರಿಗೆ 360. ಮಿಲ್ಲಿನವರು ತಮ್ಮ ಪುಸ್ತಕದಲ್ಲಿ ಡೆಬಿಟ್ ನೋಟ್ ಹಾಕಿಕೊಂಡು ಕಡಿದುಕೊಂಡಿದ್ದಾರೆ. ಅವರ ಕಾಗದದಿಂದ ನಮ್ಮ ತೆರಿಗೆ ಕಡಿಮೆಯಾಗುವುದಿಲ್ಲ. ಮಾರಿದವರು ಕ್ರೆಡಿಟ್ ನೋಟ್ ಕೊಟ್ಟು ಜಿಎಸ್‌ಟಿ ರಿಟರ್ನಿನಲ್ಲಿ ತೋರಿಸಿದರೆ ಮಾತ್ರ ಆ 360 ಹೊರೆ ಇಳಿಯುತ್ತದೆ. ಹಾಗೆ ತೋರಿಸಲು ಗಡುವಿದೆ: ಮಾರಾಟವಾದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಹಾಗಾಗಿ ಮಾರಾಟ ವಾಪಸಿಗೆ 2,000, ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180 ಖರ್ಚು ಬರೆದು, ಪಾರ್ಟಿಗೆ 2,360 ಜಮಾ ಕೊಟ್ಟು, ಅದನ್ನು 124ನೇ ಬಿಲ್ಲಿಗೇ ಕಟ್ಟಬೇಕು. ಆಗ ಆ ಬಿಲ್ಲಿನಲ್ಲಿ ಉಳಿಯುವುದು 44,840. ಒಂದು ಎಚ್ಚರಿಕೆ: ಬೆಲ್ಟು ನಿಜವಾಗಿ ಗೋಡೌನಿಗೆ ಬಂದಿದೆಯೇ ಎಂದು ಮೊದಲು ಕೇಳಿ. ಸಾಮಾನು ಬಂದಿಲ್ಲ, ಮಿಲ್ಲಿನವರು ಬರಿ ಹಣ ಕಡಿದಿದ್ದಾರೆ ಎಂದಾದರೆ ಕ್ರೆಡಿಟ್ ನೋಟ್ ಕೊಡಬೇಡಿ. 2,360ನ್ನು ಬಿಲ್ಲಿನ ಬಾಕಿಯಾಗಿಯೇ ಬಿಡಿ, ತಗಾದೆ ಮಾಡಲು ಅದೇ ಆಧಾರ.

ಟಿಡಿಎಸ್ 1,000 ಹೇಗೆ ಬಂತು? ರಿಪೇರಿ ಗುತ್ತಿಗೆ ಕೆಲಸದ ಲೆಕ್ಕಕ್ಕೆ ಬರುತ್ತದೆ, ಬಿಲ್ಲು 30,000 ದಾಟಿದೆ. ಕೆಲಸ ಮಾಡಿದವರು ಪಾಲುದಾರಿಕೆ ಸಂಸ್ಥೆಯಾದ್ದರಿಂದ ದರ ಶೇ. 2. ಒಬ್ಬರೇ ಮಾಲೀಕರ ಅಂಗಡಿಯಾಗಿದ್ದರೆ ಶೇ. 1 ಆಗುತ್ತಿತ್ತು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ತೆರಿಗೆ ಬಿಟ್ಟು ಮೂಲ ಬೆಲೆಯ ಮೇಲೆ ಮಾತ್ರ ಕಡಿಯಬೇಕು ಎಂದು ನೇರ ತೆರಿಗೆ ಮಂಡಳಿ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಆದ್ದರಿಂದ 50,000ಕ್ಕೆ 1,000. ಕೆಲವರು ಮರೆತು 59,000ದ ಮೇಲೆ ಕಡಿದು 1,180 ಹಿಡಿಯುತ್ತಾರೆ. ತಾಳೆಯಲ್ಲಿ 180 ರೂಪಾಯಿಯ ಚಿಕ್ಕ ಕೊರತೆ ಉಳಿದರೆ, ಅದು ಟಿಡಿಎಸ್‌ನ ಶೇ. 18 ಆಗುತ್ತದೆಯೇ ಎಂದು ನೋಡಿ. ಹೌದಾದರೆ ಕಾರಣ ಸಿಕ್ಕಂತೆ. ಅವರು ಕಡಿದ 1,180 ಪೂರ್ತಿ ಸರಕಾರಕ್ಕೆ ಕಟ್ಟಿದ್ದರೆ ಅದೂ ನಮ್ಮ ಹೆಸರಿಗೇ ಬರುತ್ತದೆ, ನಷ್ಟವೇನಿಲ್ಲ. 1,180 ಎಂದೇ ಬರೆಯಬೇಕು ಅಷ್ಟೆ.

ಟಿಡಿಎಸ್‌ಗೆ `F7` ಜರ್ನಲ್‌ನಲ್ಲಿ ‘ಟಿಡಿಎಸ್ ಬರಬೇಕಾದದ್ದು’ ಖಾತೆಗೆ 1,000 ಖರ್ಚು, ಪಾರ್ಟಿಗೆ 1,000 ಜಮಾ. ಅದನ್ನು 131ಕ್ಕೆ ಕಟ್ಟಿದರೆ ಆ ಬಿಲ್ಲಿನಲ್ಲಿ 58,000 ಉಳಿಯುತ್ತದೆ. ಆಮೇಲೆ 26ಎಎಸ್ ತೆಗೆದು ನೋಡುವಾಗ ಹಲವರು ಮೋಸ ಹೋಗುವುದು ಇಲ್ಲಿ: ಹಣ ಬಂದದ್ದು ಅಕ್ಟೋಬರಿನಲ್ಲಿ, ಹಾಗಾಗಿ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಟಿಡಿಎಸ್ ಕಡಿಯಬೇಕಾದದ್ದು ಬಿಲ್ಲನ್ನು ಪುಸ್ತಕಕ್ಕೆ ಹಾಕಿದಾಗ ಅಥವಾ ಹಣ ಕೊಟ್ಟಾಗ, ಯಾವುದು ಮೊದಲೋ ಆಗ. ಮಿಲ್ಲಿನವರು ಸೆಪ್ಟೆಂಬರಿನಲ್ಲೇ ಬಿಲ್ಲು ಜಮಾ ಬರೆದಿದ್ದರೆ ಅದು ಜುಲೈ–ಸೆಪ್ಟೆಂಬರ್ ಲೆಕ್ಕಕ್ಕೆ ಹೋಗಿರುತ್ತದೆ. ಆ ತ್ರೈಮಾಸಿಕದ ವಿವರ ಸಲ್ಲಿಸಲು ಅವರಿಗೆ ಅಕ್ಟೋಬರ್ 31ರವರೆಗೆ ಅವಕಾಶವಿದೆ, ಅದಕ್ಕೆ ಮುಂಚೆ ನೋಡಿ ‘ಕಟ್ಟಿಲ್ಲ’ ಎಂದು ಜಗಳ ತೆಗೆಯಬೇಡಿ.

ಈ ಎರಡು ಎಂಟ್ರಿ ಆದ ಮೇಲೆ ರಸೀತಿ ಬರೆಯುವುದು ನೀರು ಕುಡಿದಷ್ಟು ಸುಲಭ. ಬ್ಯಾಂಕಿಗೆ 1,45,320. ಹೊಟ್ಟೆಯೊಳಗೆ 118ಕ್ಕೆ 23,600, 124ಕ್ಕೆ 44,840, 131ಕ್ಕೆ 58,000, 137ಕ್ಕೆ 18,880. ಕೂಡಿ ನೋಡಿ, 1,45,320. ಮೊದಲು ಹಾಕಿದ್ದ ನಾಲ್ಕು ರಸೀತಿಗಳನ್ನು ತೆಗೆದು ಈ ಒಂದನ್ನು ಹಾಕಬೇಕು. ಆ ನಾಲ್ಕು ಹಾಗೇ ಇದ್ದು ಇದೂ ಸೇರಿದರೆ ಪಾರ್ಟಿಯ ಖಾತೆಯಲ್ಲಿ ನಾವೇ ಅವರಿಗೆ ಬಾಕಿದಾರರಾಗುತ್ತೇವೆ. ಸ್ಟೇಟ್‌ಮೆಂಟನ್ನು ನೇರವಾಗಿ ಸಾಫ್ಟ್‌ವೇರಿಗೆ ಏರಿಸುವ ಕಡೆ ಈ ದುಪ್ಪಟ್ಟು ಎಂಟ್ರಿ ಹೆಚ್ಚು.

ಪಾವತಿ ವಿವರ ತರಿಸಿದರೆ ಎಂದೆ. ತರಿಸದೆ, ಬಾಕಿ ಬಿಲ್ಲುಗಳನ್ನು ಹಾಗೆ ಹೀಗೆ ಕೂಡಿ ಮೊತ್ತ ಹೊಂದಿಸುವ ಚಟ ನಮ್ಮಲ್ಲಿ ಹಲವರಿಗಿದೆ. ಹೊಂದಿದಾಗ ಖುಷಿಯೂ ಆಗುತ್ತದೆ. ಆದರೆ ಅಲ್ಲೊಂದು ಗುಂಡಿ ಇದೆ. ಇದೇ ಮಿಲ್ಲಿನ ಹಳೆಯ 109ನೇ ಬಿಲ್ಲು, ಬೇರಿಂಗಿನದೇ, 35,400ಕ್ಕೆ ಬಾಕಿ ಇದೆ ಎನ್ನಿ. ಬ್ಯಾಂಕಿಗೆ 82,600 ಬಂತು. 118 ಮತ್ತು 131 ಕೂಡಿದರೆ 23,600 + 59,000 = 82,600. ಸಿಕ್ಕಿತು ಎಂದು ಬರೆದುಬಿಡಬಹುದು. ಆದರೆ 109 ಮತ್ತು 124 ಕೂಡಿದರೂ 35,400 + 47,200 = 82,600!

ಇದು ಅಪರೂಪದ ಕಾಕತಾಳೀಯವಲ್ಲ. ನಾವು ಬೆಲೆಯನ್ನು ಸಾವಿರದ ಲೆಕ್ಕದಲ್ಲಿ ಹಾಕುತ್ತೇವೆ, ಅದರ ಮೇಲೆ ಶೇ. 18 ಸೇರಿದರೆ ಪ್ರತಿ ಬಿಲ್ಲೂ 1,180ರ ಗುಣಕವಾಗುತ್ತದೆ. ಮೇಲಿನ ಬಿಲ್ಲುಗಳೆಲ್ಲ 1,180ರ 20, 30, 40, 50, 16 ಪಟ್ಟು. 20 ಮತ್ತು 50 ಕೂಡಿದರೂ 70, 30 ಮತ್ತು 40 ಕೂಡಿದರೂ 70. ಬಾಕಿ ಬಿಲ್ಲು ಹೆಚ್ಚಿದಷ್ಟೂ ಇಂಥ ಜೋಡಿಗಳು ಹೆಚ್ಚುತ್ತವೆ. ಹತ್ತು ಬಿಲ್ಲುಗಳನ್ನು 1,023 ಬಗೆಯಲ್ಲಿ ಕೂಡಬಹುದು, ಇಪ್ಪತ್ತಾದರೆ ಹತ್ತು ಲಕ್ಷಕ್ಕೂ ಮೇಲೆ. ಅಷ್ಟರಲ್ಲಿ ಬೇಕಾದ ಮೊತ್ತ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದು ನಿಜವೇ ಎಂಬುದು ಬೇರೆ ಮಾತು.

ಈ ಉದಾಹರಣೆಯಲ್ಲಿ ಒಂದು ಸುಳಿವು ಉಂಟು. 131 ರಿಪೇರಿ ಬಿಲ್ಲು. ಅದಕ್ಕೆ ಮಿಲ್ಲಿನವರು ಟಿಡಿಎಸ್ ಕಡಿದೇ ಹಾಕುವುದು. ಅದು ಸೇರಿದ್ದರೆ ಬರಬೇಕಾದದ್ದು 81,600. ಬಂದದ್ದು ಪೂರ್ತಿ 82,600 ಆದ್ದರಿಂದ 109 ಮತ್ತು 124ರ ಕಡೆಗೇ ವಾಲಬೇಕು. ಕಡಿತಗಳು ತಲೆನೋವು ಎನ್ನುತ್ತೇವೆ, ಆದರೆ ಒಮ್ಮೊಮ್ಮೆ ಅವೇ ದಾರಿ ತೋರಿಸುತ್ತವೆ. ಎಲ್ಲವೂ ಸಾಮಾನಿನ ಬಿಲ್ಲಾಗಿದ್ದರೆ ಈ ಸುಳಿವೂ ಇರುವುದಿಲ್ಲ. ಕೇಳಲೇಬೇಕು.

ಯಾವ ಬಿಲ್ಲಿಗೆ ಹಾಕಿದರೇನು, ಒಟ್ಟು ಬಾಕಿ ಒಂದೇ ತಾನೆ ಎನ್ನುವವರಿಗೆ: ಕೊಂಡವರು ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಆ ಬಿಲ್ಲಿನ ಮೇಲೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸು ಮಾಡಬೇಕು. ಅವರ ಪುಸ್ತಕದಲ್ಲಿ ತೀರಿದ 109, ನಮ್ಮ ಪುಸ್ತಕದಲ್ಲಿ ಬಾಕಿ ನಿಂತಿದ್ದರೆ, ವರ್ಷದ ಕೊನೆಗೆ ಖಾತೆ ದೃಢೀಕರಣ ಪತ್ರ ಕಳಿಸಿದಾಗ ತಕರಾರು ಶುರು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 59, 60, 61ನೇ ಕಲಮುಗಳು ಇದಕ್ಕೆಂದೇ ಇವೆ. ಹಲವು ಸಾಲ ಇರುವವನು ಹಣ ಕೊಡುವಾಗ ಇಂಥದ್ದಕ್ಕೆ ಎಂದು ಹೇಳಿದ್ದರೆ, ಪಡೆದವನು ಅದಕ್ಕೇ ಸೇರಿಸಬೇಕು. ಬಾಯಿಬಿಟ್ಟು ಹೇಳದಿದ್ದರೂ ಸಂದರ್ಭದಿಂದ ತಿಳಿಯುವಂತಿದ್ದರೆ ಅದಕ್ಕೂ ಅದೇ ಮಾತು. ಕಾಯ್ದೆಯೇ ಕೊಡುವ ಉದಾಹರಣೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಬೇರೆ ಸಾಲಗಳ ಜತೆ 567 ರೂಪಾಯಿಯ ಒಂದು ಸಾಲವೂ ಇದೆ, ಸಾಲ ಕೊಟ್ಟವನು ಆ 567 ಕೇಳಿ ಪತ್ರ ಬರೆದ, ಇವನು 567 ಕಳಿಸಿದ. ಆ ಹಣ ಆ ಸಾಲಕ್ಕೇ. ಯಾವ ಸೂಚನೆಯೂ ಇಲ್ಲದಿದ್ದರೆ ಹಣ ಪಡೆದವನು ತನಗೆ ಬೇಕಾದ ಬಾಕಿಗೆ ಸೇರಿಸಿಕೊಳ್ಳಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದು ಮೊದಲು ತೀರುತ್ತದೆ. ‘ಹಳೆ ಬಿಲ್ಲಿಗೆ ಮೊದಲು’ ಎಂಬ ನಮ್ಮ ರೂಢಿ ಸರಿಯಾದದ್ದೇ, ಆದರೆ ಅದು ಕೊನೆಯ ಮೆಟ್ಟಿಲು. ಗಿರಾಕಿ ಬಿಲ್ಲಿನ ನಂಬರು ಹೇಳಿದ ಮೇಲೂ ಹಳೆಯದಕ್ಕೆ ಹಾಕುವ ಹಕ್ಕು ನಮಗಿಲ್ಲ.

ಈಗ ತಾಳೆಪಟ್ಟಿಗೆ ಬರೋಣ. ತಪ್ಪು ಎಂಟ್ರಿ ಇದ್ದಾಗ ಅಕ್ಟೋಬರ್ 31ಕ್ಕೆ ಪುಸ್ತಕದ ಬ್ಯಾಂಕ್ ಬಾಕಿ 3,86,240, ಸ್ಟೇಟ್‌ಮೆಂಟಿನ ಬಾಕಿ 3,95,380 ಇತ್ತು ಎಂದುಕೊಳ್ಳಿ. ವ್ಯತ್ಯಾಸ 9,140. ಈ ಮೊತ್ತವನ್ನು ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ಎಲ್ಲೂ ಸಿಗದು, ಏಕೆಂದರೆ ಇದು ಎರಡು ವ್ಯತ್ಯಾಸಗಳು ಒಂದನ್ನೊಂದು ತಿಂದು ಉಳಿದ ಚೂರು. ನಾವು ಕೊಟ್ಟ 12,500ರ ಒಂದು ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿಲ್ಲ, ಅಷ್ಟರ ಮಟ್ಟಿಗೆ ಸ್ಟೇಟ್‌ಮೆಂಟ್ ಮುಂದಿದೆ. ಪುಸ್ತಕದಲ್ಲಿ 3,360 ಹೆಚ್ಚು ಜಮಾ ಬರೆದಿದೆ, ಅಷ್ಟು ಪುಸ್ತಕ ಮುಂದಿದೆ. 12,500ರಲ್ಲಿ 3,360 ಕಳೆದರೆ 9,140.

ಈ ಎರಡನ್ನೂ ತಾಳೆಪಟ್ಟಿಯಲ್ಲಿ ಅಕ್ಕಪಕ್ಕ ಬರೆದು ‘ಸರಿಯಾಯಿತು’ ಎನ್ನುವುದು ತಪ್ಪು. ಚೆಕ್ಕಿನದು ಬರಿ ಸಮಯದ ವ್ಯತ್ಯಾಸ, ನಾಳೆ ಚೆಕ್ಕು ಪಾಸಾದರೆ ತಾನೇ ಹೋಗುತ್ತದೆ. ಅದು ಪಟ್ಟಿಯಲ್ಲಿ ಇರಬೇಕಾದದ್ದೇ. 3,360 ಎಷ್ಟು ತಿಂಗಳು ಕಾದರೂ ಬ್ಯಾಂಕಿಗೆ ಬರುವ ಹಣವಲ್ಲ. ಅದನ್ನು ಪುಸ್ತಕದಲ್ಲೇ ತಿದ್ದಬೇಕು. ತಿದ್ದಿದ ಮೇಲೆ ಪುಸ್ತಕದ ಬಾಕಿ 3,82,880 ಆಗುತ್ತದೆ. ಅದಕ್ಕೆ ಪಾಸಾಗದ ಚೆಕ್ಕು 12,500 ಕೂಡಿದರೆ 3,95,380. ಪಟ್ಟಿಯಲ್ಲಿ ಒಂದೇ ಸಾಲು ಉಳಿಯಿತು. ನಿಮ್ಮ ತಾಳೆಪಟ್ಟಿಯಲ್ಲಿ ಜಮಾದ ಕಡೆ ಒಂದೇ ಮೊತ್ತ ಎರಡು ಮೂರು ತಿಂಗಳಿಂದ ಕೂತಿದ್ದರೆ, ಅದು ದಾರಿಯಲ್ಲಿರುವ ಹಣವಲ್ಲ, ಬರೆಯುವಾಗ ಆದ ತಪ್ಪು ಎಂದೇ ಹಿಡಿದು ಹುಡುಕಲು ಶುರು ಮಾಡಿ.

ಇದರ ಉಲ್ಟಾ ತಪ್ಪು ಇನ್ನೂ ಕಳ್ಳ. ಗಡಿಬಿಡಿಯಲ್ಲಿ 1,45,320ಕ್ಕೆ ಒಂದೇ ರಸೀತಿ ಹಾಕಿ, ಬಿಲ್ಲುವಾರು ಕೇಳಿದಾಗ `On Account` ಕೊಟ್ಟು ಮುಗಿಸುತ್ತಾರೆ. ಬ್ಯಾಂಕ್ ತಾಳೆ ಚೆಂದವಾಗಿ ಹೊಂದುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಬಿಲ್ಲು ನಾಲ್ಕೂ ಹಾಗೇ ಬಾಕಿ. ಪಾರ್ಟಿಯ ಖಾತೆ ತೆರೆದರೆ ಬಾಕಿ 3,360 ಮಾತ್ರ. ಬಾಕಿ ಬಿಲ್ಲುಗಳ ಪಟ್ಟಿ ತೆರೆದರೆ 1,48,680ರ ಬಿಲ್ಲುಗಳು, ಕೆಳಗೆ ಎಲ್ಲಿಗೂ ಸೇರದ 1,45,320 ಜಮಾ. ವಸೂಲಿಗೆ ಹೋಗುವ ಹುಡುಗನ ಕೈಗೆ ಆ ಪಟ್ಟಿಯ ಮೇಲಿನ ಅರ್ಧ ಮಾತ್ರ ಸಿಕ್ಕರೆ, ಹಣ ಕೊಟ್ಟ ಮಿಲ್ಲಿನ ಬಾಗಿಲಲ್ಲೇ ನಿಂತು ಕೇಳುತ್ತಾನೆ. ಹಾಗಾಗಿ ಬ್ಯಾಂಕ್ ತಾಳೆ ಮುಗಿದ ದಿನವೇ ಬಾಕಿ ಬಿಲ್ಲುಗಳ ಪಟ್ಟಿಯಲ್ಲಿ `On Account` ಎಂದು ಉಳಿದಿರುವ ಸಾಲುಗಳನ್ನೂ ಒಮ್ಮೆ ನೋಡಿ. ಪಾವತಿ ವಿವರ ಬರುವವರೆಗೆ ಅಲ್ಲಿಡುವುದು ತಪ್ಪಲ್ಲ, ಬಂದ ಮೇಲೂ ಅಲ್ಲೇ ಬಿಡುವುದು ತಪ್ಪು.

ಕೊನೆಗೆ, ಸಭೆಯಲ್ಲಿ ಬಂದ ಒಂದು ಪ್ರಶ್ನೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಲೈನಿಗೆ ಹೋದವರು ಹಲವು ಅಂಗಡಿಗಳಿಂದ ನಗದು ವಸೂಲಿ ಮಾಡಿ, ಎಲ್ಲ ಸೇರಿಸಿ ಒಂದೇ ಚಲನ್‌ನಲ್ಲಿ ಕಟ್ಟುತ್ತಾರೆ. ಇಲ್ಲಿ ಬಿಲ್ಲು ಮಾತ್ರವಲ್ಲ, ಪಾರ್ಟಿಗಳೇ ಹಲವು. ಪ್ರತಿ ಅಂಗಡಿಯ ಹಣವನ್ನೂ ನೇರ ಬ್ಯಾಂಕಿಗೆ ಬರೆದರೆ ಮತ್ತೆ ಅದೇ ಗೋಜಲು. ಅವರವರ ಬಿಲ್ಲಿಗೆ ಕಟ್ಟಿ ಮೊದಲು ನಗದು ಖಾತೆಗೆ ಜಮಾ ತೆಗೆದುಕೊಳ್ಳಿ. ಆಮೇಲೆ ಬ್ಯಾಂಕಿಗೆ ಕಟ್ಟಿದಷ್ಟಕ್ಕೆ `F4` ಕಾಂಟ್ರಾ ಒಂದೇ ಒಂದು. 62,000 ವಸೂಲಾಗಿ 60,500 ಕಟ್ಟಿದ್ದರೆ ಸ್ಟೇಟ್‌ಮೆಂಟಿನ 60,500ಕ್ಕೆ ಕಾಂಟ್ರಾ ಸೀದಾ ಹೊಂದುತ್ತದೆ. ಉಳಿದ 1,500 ನಗದು ಖಾತೆಯಲ್ಲಿ ಎದ್ದು ಕಾಣುತ್ತದೆ, ಡೀಸೆಲ್ ಚೀಟಿ ತಂದುಕೊಡಿ ಎಂದು ಅಲ್ಲಿಂದ ಕೇಳಬಹುದು.